ಅಲಮೇಲಮ್ಮನ ಕಥೆಯ ಕೊನೆಗೆ ತಾತನ ಭಾಷಣ ಯಾಕೆ?

ನಂಜನಗೂಡಿನ ಗೆಳೆಯನೊಬ್ಬ ಮಕ್ಕಳ ಆನಿಮೇಷನ್‌ಗೆಂದು ಬರೆದ ಸ್ಕ್ರಿಪ್ಟ್ ಕಳಿಸಿದ್ದ. ನಮ್ಮ ತಲಕಾಡಿನ ಅಲಮೇಲಮ್ಮನ ಕಥೆ. ಐದು ನಿಮಿಷದ ಚಿತ್ರದಲ್ಲಿ ಕೊನೆಯ ಒಂದು ನಿಮಿಷ ತಾತನೊಬ್ಬ ಮಕ್ಕಳನ್ನು ಕೂರಿಸಿಕೊಂಡು 'ದುರಾಸೆ ಕೆಟ್ಟದ್ದು' ಅಂತ ಬುದ್ಧಿ ಹೇಳ್ತಾನೆ. ಅಕ್ಕನ ಮಗಳಿಗೆ ಓದಿ ಹೇಳಿದೆ. ತಾತ ಬಾಯಿ ತೆರೆದ ಕೂಡಲೇ ಅವಳು ಎದ್ದು ಹೋದಳು.

ಕಥೆ ನಿಮಗೆ ಗೊತ್ತು. 1610ರಲ್ಲಿ ರಾಜ ಒಡೆಯರ್ ಶ್ರೀರಂಗಪಟ್ಟಣ ಹಿಡಿದರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಒಡವೆಗಾಗಿ ಸೈನಿಕರು ಬೆನ್ನು ಹತ್ತಿದರಂತೆ. ಆಕೆ ಒಡವೆ ಸಮೇತ ಕಾವೇರಿಗೆ ಹಾರಿದಳಂತೆ. ತಲಕಾಡಿಗೆ ಮರಳು ತುಂಬಲಿ, ಮಾಲಂಗಿಯಲ್ಲಿ ಮಡು ಬೀಳಲಿ, ದೊರೆಗಳಿಗೆ ಮಕ್ಕಳಾಗದಿರಲಿ ಅಂತ ಶಾಪ ಹಾಕಿದಳಂತೆ.

ಇದನ್ನು ಇವತ್ತಿಗೆ ತರಬೇಕಾದರೆ ಸೈನಿಕರ ಕೈಗೆ ಮೊಬೈಲ್ ಕೊಟ್ಟರೆ ಸಾಲದು. ಒಡವೆಯ ಜಾಗಕ್ಕೆ ಈಗ ಏನು ಬಂದಿದೆ ಅಂತ ಕೇಳಬೇಕು. ನನ್ನ ಪ್ರಕಾರ ಮರಳು. ಅಂದು ಶಾಪವಾಗಿದ್ದದ್ದೇ ಇಂದು ಚಿನ್ನ. ಅದನ್ನು ಬಗೆದ ಕಡೆ ಹೊಳೆಯಲ್ಲಿ ಬೀಳೋದು ಮಡುವೇ. ಮೇಲಿಂದ ನೋಡಿದರೆ ನೀರು ಒಂದೇ ಸಮ, ಒಳಗೆ ಗುಂಡಿ. ಈಜಲು ಇಳಿದ ಮಕ್ಕಳಿಗೆ ಅದು ಕಾಣಲ್ಲ.

ಹಾಗಾಗಿ ಗೆಳೆಯನಿಗೆ ಹೀಗೆ ಬರೆ ಅಂದೆ. ಮೊದಲ ದೃಶ್ಯದಲ್ಲಿ ಹುಡುಗಿ ಹೊಳೆಯಲ್ಲಿ ನಿಂತಿದ್ದಾಳೆ, ನೀರು ಮೊಣಕಾಲಿಗೆ. ರಾತ್ರಿ ಟ್ರ್ಯಾಕ್ಟರ್ ಸದ್ದು. ಬೆಳಿಗ್ಗೆ ಅಪ್ಪ ಅವಳಿಗೆ ಹೊಸ ಸೈಕಲ್ ತರ್ತಾನೆ. ಅವನು ಕೆಟ್ಟವನಲ್ಲ, ಮಗಳ ಮೇಲಿನ ಪ್ರೀತಿಗೇ ಮರಳು ಹೊಡೀತಾನೆ. ಇನ್ನೊಂದು ದಿನ ಅವಳು ಅದೇ ಜಾಗದಲ್ಲಿ ಕೋಲು ಇಳಿಸ್ತಾಳೆ. ಕೋಲು ಪೂರ್ತಿ ಮುಳುಗುತ್ತೆ. ಅಷ್ಟರಲ್ಲಿ ತಮ್ಮನ ಚೆಂಡು ನೀರಿಗೆ ಉರುಳುತ್ತೆ. ಅವನು ಓಡಿ ಬರ್ತಾನೆ. ಅವಳು ಅವನ ಅಂಗಿ ಹಿಡಿದು ಎಳೀತಾಳೆ. ದಡದ ಮೇಲೆ ಟ್ರ್ಯಾಕ್ಟರಿನಲ್ಲಿ ಕೂತ ಅಪ್ಪ ನೋಡ್ತಾನೆ.

ಇಲ್ಲಿ ಮಾತು ಬೇಡ. ಸೆಕೆಂಡಿಗೆ 12 ಚಿತ್ರದಂತೆ ಬರೆದರೂ ಒಂದು ನಿಮಿಷಕ್ಕೆ 720 ಚಿತ್ರ ಬೇಕು. ಅಷ್ಟನ್ನೂ ತಾತನ ತುಟಿಗೆ ಖರ್ಚು ಮಾಡುವ ಬದಲು ಆ ಕೋಲಿಗೆ, ಅಪ್ಪನ ಮುಖಕ್ಕೆ ಕೊಡಿ. ಪೊಲೀಸರು ಬಂದು ಹಿಡಿಯೋದೂ ಬೇಡ. ಹಾಗೆ ಮಾಡಿದರೆ ಸಿಕ್ಕಿಬೀಳೋದೇ ತಪ್ಪು ಅಂತ ಮಕ್ಕಳು ಕಲಿತಾರೆ.

ಮೂರನೇ ಶಾಪವನ್ನೂ ಬಿಡಿ ಅಂದೆ. ಮಕ್ಕಳಿಲ್ಲದ ಚಿಕ್ಕಮ್ಮನೋ ಅತ್ತೆಯೋ ನಮ್ಮ ಎಷ್ಟೋ ಮನೆಯಲ್ಲಿ ಇದ್ದಾರೆ. ಚಿತ್ರ ನೋಡಿದ ಮಗು ಅವರನ್ನು ಶಾಪಗ್ರಸ್ತರು ಅಂದುಕೊಳ್ಳಬಾರದು.

'ಹಾಗಾದ್ರೆ ನೀತಿ ಎಲ್ಲಿ?' ಅಂತ ಗೆಳೆಯ ಕೇಳಿದ. ಕೊನೆಯ ದೃಶ್ಯ ಓದಿದೆ: ಅಪ್ಪ ಕೈ ಚಾಚಿ ಟ್ರ್ಯಾಕ್ಟರ್ ಆಫ್ ಮಾಡ್ತಾನೆ. ಹೊಳೆಯ ಸದ್ದು ಮತ್ತೆ ಕೇಳಿಸುತ್ತೆ.

ಈ ಸಲ ಅಕ್ಕನ ಮಗಳು ಏಳಲಿಲ್ಲ. 'ಆ ಗುಂಡಿ ಈಗ ಮುಚ್ಚುತ್ತಾ ಮಾಮ?' ಅಂದಳು.