ಕಿವಿಗೆ ಎಣ್ಣೆ ಬಿಡುವ ಮುನ್ನ

ಕಿವಿಯ ಬಳಿ ನೋವೆಂದೊಡನೆ ಕಿವಿಗೆ ಬೆಚ್ಚನೆಯ ಎಣ್ಣೆ ಬಿಡುವುದು ನಮ್ಮ ಮನೆಗಳ ರೂಢಿ. ಆಯುರ್ವೇದ ವೈದ್ಯನಾಗಿಯೂ ನಾನು ಇದನ್ನು ಒಪ್ಪುವುದಿಲ್ಲ. ಹಲವೊಮ್ಮೆ ನೋವಿನ ನೆಲೆ ಕಿವಿಯಲ್ಲ. ಅದರ ಮುಂದಿರುವ ದವಡೆಯ ಕೀಲು, ಅಂದರೆ ಹನುಸಂಧಿ.

ಮೈಸೂರಿನ ಸರಸ್ವತಿಪುರಂನ ತಾಯಿಯೊಬ್ಬರು ಮೂರು ವಾರ ಎಣ್ಣೆ ಬಿಟ್ಟುಕೊಂಡು ಬಂದಿದ್ದರು. ಕಿವಿಯೊಳಗೆ ದೋಷವಿರಲಿಲ್ಲ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿದಾಗ ಕೀಲು ‘ಟಕ್’ ಎಂದಿತು. ಅಲ್ಲಿ ಒತ್ತಿದಾಗ ಅದೇ ನೋವು ಮರುಕಳಿಸಿತು. ಒಂದರ ಮೇಲೊಂದಾಗಿ ಅವರದೇ ಮೂರು ಬೆರಳು ಹಿಡಿಯಬೇಕಾದ ಬಾಯಲ್ಲಿ ಎರಡೇ ಹಿಡಿದವು. ಚಿಂತೆಯಲ್ಲಿ ಹಲ್ಲು ಕಚ್ಚುವುದು, ಊಟದ ಬಳಿಕ ಒಂದೇ ಮಗ್ಗುಲಲ್ಲಿ ಅಡಿಕೆ ಅಗಿಯುವುದು ಅವರ ಅಭ್ಯಾಸವಾಗಿತ್ತು.

ಅಡಿಕೆ ಬಿಡಿಸಿ, ಮೆತ್ತನೆಯ ಆಹಾರ ಹೇಳಿದೆ. ದಿನಕ್ಕೆರಡು ಬಾರಿ 15 ನಿಮಿಷ ಕೆನ್ನೆಗೆ ಬಿಸಿಬಟ್ಟೆಯ ಶಾಖ. ಆಕಳಿಸುವಾಗ ಗಲ್ಲಕ್ಕೆ ಕೈಯಾಸರೆ. ಎಲ್ಲಕ್ಕಿಂತ ಮುಖ್ಯವಾದುದು, ತುಟಿ ಮುಚ್ಚಿದ್ದರೂ ಹಲ್ಲುಗಳು ಒಂದಕ್ಕೊಂದು ತಾಗದಂತಿರುವುದು. ಆರು ವಾರಗಳಲ್ಲಿ ನೋವು ಹೋಯಿತು, ಸದ್ದು ಉಳಿಯಿತು. ನೋವಿಲ್ಲದ ಸದ್ದಿಗೆ ಚಿಕಿತ್ಸೆ ಬೇಕಿಲ್ಲ.

ದವಡೆ ಸಿಕ್ಕಿಕೊಂಡು ಬಾಯಿ ತೆರೆಯದಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು. ಐವತ್ತು ದಾಟಿದವರಿಗೆ ಅಗಿಯುವಾಗಿನ ನೋವಿನೊಡನೆ ಹೊಸದಾಗಿ ಕಣತಲೆ ನೋವು, ದೃಷ್ಟಿ ಮಂಜಾಗುವಿಕೆ ಕಂಡರೆ ಅದು ಕೀಲಿನ ಬಾಧೆಯಲ್ಲ, ರಕ್ತನಾಳದ ಉರಿಯೂತವಿರಬಹುದು. ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.