ಹೆಸರಿನ ಪಕ್ಕದ ಟಿಕ್ ಯಾವುದಕ್ಕೆ ಸಾಕ್ಷಿ?



ಆನ್‌ಲೈನ್ ವಂಚನೆ ಬಗ್ಗೆ ನಮ್ಮ ಕಡೆ ಎಲ್ಲಿ ಜಾಗೃತಿ ಸಭೆ ನಡೆದರೂ ಈಗ ಒಂದು ಬುದ್ಧಿಮಾತು ಕೇಳಿಬರುತ್ತದೆ: ‘ಪಿನ್ ಒತ್ತುವ ಮೊದಲು ಪರದೆ ಮೇಲಿನ ಹೆಸರು ನೋಡಿ, ಪಕ್ಕದಲ್ಲಿ ಟಿಕ್ ಇದ್ದರೆ ಧೈರ್ಯವಾಗಿ ಹಣ ಹಾಕಿ.’ ಹೆಸರು ನೋಡಬೇಕೆಂಬುದು ಸರಿ. ಟಿಕ್ ಇದ್ದರೆ ಧೈರ್ಯವಾಗಿ ಹಣ ಹಾಕಿ ಎಂಬುದು ತಪ್ಪು. ಬ್ಯಾಂಕಿನ ಕೌಂಟರಿನಲ್ಲಿ ಖಾತೆ ತೆರೆಯುವ ಕೆಲಸವನ್ನೇ ಹೆಚ್ಚಾಗಿ ಮಾಡಿ ನಿವೃತ್ತನಾದವನು ನಾನು. ದಾಂಡೇಲಿ, ಜೋಯಿಡಾ ಕಡೆಯ ಹೋಮ್‌ಸ್ಟೇಗಳ ಹೆಸರಿನಲ್ಲಿ ಜನ ಮುಂಗಡ ಹಣ ಕಳೆದುಕೊಳ್ಳುವುದನ್ನು ನೋಡಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಪರಿಚಯದ ಧಾರವಾಡದ ಕುಟುಂಬವೊಂದು ಗಣೇಶಗುಡಿ ಹತ್ತಿರದ ಹೋಮ್‌ಸ್ಟೇಯಲ್ಲಿ ಶನಿವಾರಕ್ಕೆ ಎರಡು ಕೋಣೆ ಬೇಕೆಂದು ಹುಡುಕಿತು. ಅಂತರ್ಜಾಲದಲ್ಲಿ ಫೋಟೊ ಸಿಕ್ಕಿತು, ಫೋನ್ ನಂಬರ್ ಸಿಕ್ಕಿತು. ಮಾತಾಡಿದವರು ಮೂರು ಸಾವಿರ ರೂಪಾಯಿ ಮುಂಗಡ ಕೇಳಿ ಕ್ಯೂಆರ್ ಕಳಿಸಿದರು. ಸ್ಕ್ಯಾನ್ ಮಾಡಿದಾಗ ಹೋಮ್‌ಸ್ಟೇಯ ಹೆಸರು ಬರಲಿಲ್ಲ, ಒಬ್ಬ ಗಂಡಸಿನ ಹೆಸರು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬಂತು. ಪಕ್ಕದಲ್ಲಿ ಟಿಕ್ ಇತ್ತು. ಮಾಲೀಕರೇ ಇರಬೇಕೆಂದುಕೊಂಡು ಹಣ ಹಾಕಿದರು. ಶನಿವಾರ ಹೋಗಿ ನೋಡಿದರೆ ಹೋಮ್‌ಸ್ಟೇ ಇದ್ದದ್ದು ನಿಜ, ಫೋಟೊಗಳೂ ಅದರವೇ, ಆದರೆ ಆ ಫೋನ್ ನಂಬರ್ ಅವರದಾಗಿರಲಿಲ್ಲ. ಈ ಕುಟುಂಬದ ಹೆಸರಿನಲ್ಲಿ ಕೋಣೆಯೂ ಇರಲಿಲ್ಲ.

ಹಾಗಾದರೆ ಟಿಕ್ ಸುಳ್ಳು ಹೇಳಿತೇ? ಇಲ್ಲ. ಆ ಖಾತೆ ಆ ಹೆಸರಿನವನದೇ ಎಂದಷ್ಟೇ ಅದು ಹೇಳಿತ್ತು, ಆ ಮಾತು ನಿಜವೂ ಆಗಿತ್ತು. ನನ್ನನ್ನು ಕಾಡಿದ್ದು ಆಮೇಲೆ ಗೊತ್ತಾದ ಸಂಗತಿ. ಅಸಲಿ ಹೋಮ್‌ಸ್ಟೇಯವರ ಕ್ಯೂಆರ್ ಸ್ಕ್ಯಾನ್ ಮಾಡಿದರೂ ಪರದೆಯ ಮೇಲೆ ಬರುವುದು ವ್ಯಕ್ತಿಯ ಹೆಸರೇ, ಮಾಲೀಕರ ಹೆಂಡತಿಯ ಹೆಸರು. ಖಾತೆ ಅವರದು, ಉಳಿತಾಯ ಖಾತೆ. ಅದರ ಪಕ್ಕದಲ್ಲೂ ಅಂಥದ್ದೇ ಟಿಕ್. ಅಂದರೆ ಅಸಲಿ ಹೋಮ್‌ಸ್ಟೇ ಮತ್ತು ಮೋಸಗಾರ, ಇಬ್ಬರೂ ಹಣ ಕೊಡುವವರ ಪರದೆಯ ಮೇಲೆ ಒಂದೇ ಥರ ಕಾಣುತ್ತಾರೆ. ಹೀಗಿರುವಾಗ ‘ಹೆಸರು ನೋಡಿ, ಟಿಕ್ ನೋಡಿ’ ಎಂದರೆ ಗಿರಾಕಿ ಏನನ್ನು ನೋಡಬೇಕು?

ಆ ಹೆಸರು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯೂಆರ್ ಎಂಬುದು ಒಂದು ಸಾಲಿನ ಬರಹದ ಚಿತ್ರರೂಪ, ಅಷ್ಟೆ. ಒಳಗಿರುವುದು ಹೆಚ್ಚುಕಡಿಮೆ ಹೀಗೆ:

```
upi://pay?pa=example@bank&pn=Namma%20Homestay&am=3000&cu=INR
```

ಇದರಲ್ಲಿ pa ಎಂದರೆ ಹಣ ಹೋಗುವ ಯುಪಿಐ ವಿಳಾಸ. pn ಎಂದರೆ ಹೆಸರು. ವಿಳಾಸವನ್ನು ಬದಲಿಸಿದರೆ ಹಣ ಬೇರೆ ಕಡೆ ಹೋಗುತ್ತದೆ, ಆದರೆ ಹೆಸರಿನ ಜಾಗದಲ್ಲಿ ಕ್ಯೂಆರ್ ಮಾಡಿದವರು ಏನು ಬೇಕಾದರೂ ಬರೆಯಬಹುದು. ಹಿಂದೆ ಕೆಲವು ಆ್ಯಪ್‌ಗಳು ಈ pn ಬರಹವನ್ನೇ ಹೆಸರೆಂದು ತೋರಿಸುತ್ತಿದ್ದವು. ಇನ್ನು ಕೆಲವು ನಮ್ಮ ಫೋನಿನಲ್ಲಿ ನಾವೇ ಉಳಿಸಿಕೊಂಡ ಹೆಸರನ್ನು ತೋರಿಸುತ್ತಿದ್ದವು. ಯುಪಿಐ ನಡೆಸುವ ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ ಇದನ್ನು ನಿಲ್ಲಿಸಿತು. ವ್ಯಕ್ತಿಗಳಿಗೆ ಮತ್ತು ಸಣ್ಣ ವ್ಯಾಪಾರಿಗಳಿಗೆ ಹೋಗುವ ಹಣದಲ್ಲಿ, ಪಿನ್ ಒತ್ತುವ ಮೊದಲಿನ ಪರದೆಯಲ್ಲಿ, ಹಣ ಪಡೆಯುವವರ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನು ಮಾತ್ರ ತೋರಿಸಬೇಕು, ಕ್ಯೂಆರ್‌ನಿಂದ ತೆಗೆದ ಹೆಸರನ್ನಾಗಲಿ ಗಿರಾಕಿ ಇಟ್ಟುಕೊಂಡ ಹೆಸರನ್ನಾಗಲಿ ತೋರಿಸಕೂಡದು ಎಂದಿತು. ಜೂನ್ 30ರ ಗಡುವು ಕೊಟ್ಟಿತು. ಈಗ ನಾವು ಸ್ಕ್ಯಾನ್ ಮಾಡಿದ ಕೂಡಲೇ ಆ್ಯಪ್ ಆ ವಿಳಾಸ ಯಾರದೆಂದು ವಿಚಾರಿಸುತ್ತದೆ. ಆ ಕಡೆಯಿಂದ ಉತ್ತರವಾಗಿ ಬಂದ ಹೆಸರೇ ಪರದೆಯ ಮೇಲೆ ಮೂಡುತ್ತದೆ.

ಇದು ಒಳ್ಳೆಯ ನಿಯಮ, ಅದರಲ್ಲಿ ಎರಡು ಮಾತಿಲ್ಲ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಕಳ್ಳರು ರಾತ್ರೋರಾತ್ರಿ ಹಲವು ಅಂಗಡಿಗಳ, ಪೆಟ್ರೋಲ್ ಬಂಕಿನ ಕ್ಯೂಆರ್ ಮೇಲೆ ತಮ್ಮದನ್ನು ಅಂಟಿಸಿಹೋಗಿದ್ದರು. ಬೆಳಿಗ್ಗೆ ಔಷಧ ಅಂಗಡಿಯೊಂದರಲ್ಲಿ ಸ್ಕ್ಯಾನ್ ಮಾಡಿದ ಗಿರಾಕಿ, ಬೇರೆ ಯಾರದೋ ಹೆಸರು ಬರುತ್ತಿದೆಯೆಂದು ಹೇಳಿದ್ದರಿಂದ ಮೋಸ ಬಯಲಾಯಿತು. ಅಲ್ಲಿ ಹೆಸರು ಕೆಲಸ ಮಾಡಿದ್ದು ಏಕೆಂದರೆ ಗಿರಾಕಿ ಅಂಗಡಿಯ ಎದುರೇ ನಿಂತಿದ್ದರು, ಬಾಯಿಬಿಟ್ಟು ಕೇಳಲು ಮಾಲೀಕರೂ ಎದುರಿಗಿದ್ದರು. ಧಾರವಾಡದಲ್ಲೋ ಬೆಳಗಾವಿಯಲ್ಲೋ ಕುಳಿತು ಜೋಯಿಡಾದ ಕೋಣೆಗೆ ಮುಂಗಡ ಹಾಕುವವರಿಗೆ ಆ ಅನುಕೂಲ ಇಲ್ಲ. ಮಾಲೀಕರ ನಿಜವಾದ ಹೆಸರೇ ಗೊತ್ತಿಲ್ಲದವರು ಬಂದ ಹೆಸರನ್ನು ಯಾವುದರ ಜೊತೆ ಹೋಲಿಸಿ ನೋಡಬೇಕು? ಮುಂಡಗೋಡದ ಟಿಬೆಟನ್ ಕ್ಯಾಂಪಿನ ಅಂಗಡಿಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿ ತೆಂಜಿನ್ ಎಂಬ ಹೆಸರಿನವರು ಅದೆಷ್ಟೋ ಮಂದಿ. ಪರದೆಯ ಮೇಲೆ ತೆಂಜಿನ್ ಎಂದು ಬಂದರೆ ಹೊರಗಿನವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ನನ್ನ ಮುಖ್ಯ ತಕರಾರು ಟಿಕ್ ಬಗ್ಗೆ. ಕೆಲವು ಆ್ಯಪ್‌ಗಳಲ್ಲಿ ಯಾವುದೇ ವ್ಯಕ್ತಿಯ ‘ಬ್ಯಾಂಕಿಂಗ್ ಹೆಸರು’ ಪಕ್ಕದಲ್ಲಿ ಟಿಕ್ ಬರುತ್ತದೆ. ಈ ಹೆಸರು ಬ್ಯಾಂಕಿನಿಂದಲೇ ಬಂದಿದೆ ಎಂಬುದಷ್ಟೇ ಅದರ ಅರ್ಥ. ಇನ್ನೊಂದು ಕಡೆ, ಬ್ಯಾಂಕೋ ಪಾವತಿ ಕಂಪನಿಯೋ ಕಾಗದಪತ್ರ ನೋಡಿ ನೋಂದಾಯಿಸಿಕೊಂಡ ವ್ಯಾಪಾರಿಯ ಹೆಸರಿನ ಪಕ್ಕದಲ್ಲೂ ಟಿಕ್ ಬರುತ್ತದೆ. ಮೊದಲನೆಯದು ಖಾತೆದಾರನ ಹೆಸರಿಗೆ ಸಾಕ್ಷಿ, ಎರಡನೆಯದು ವ್ಯಾಪಾರಕ್ಕೆ ಸಾಕ್ಷಿ. ಬಣ್ಣ, ಆಕಾರಗಳಲ್ಲಿ ಆ್ಯಪ್‌ನಿಂದ ಆ್ಯಪ್‌ಗೆ ವ್ಯತ್ಯಾಸವಿದ್ದರೂ ಹಳಿಯಾಳದ ಸಂತೆಯಲ್ಲಿ ಅವಸರದಲ್ಲಿ ಸ್ಕ್ಯಾನ್ ಮಾಡುವವರಿಗೆ ಎರಡೂ ಒಂದೇ. ಹಣ ಹಾಕಿಸಿಕೊಳ್ಳಲು ಇನ್ನೊಬ್ಬರ ಖಾತೆಯನ್ನು ಬಾಡಿಗೆಗೆ ತೆಗೆದುಕೊಳ್ಳುವ ಮೋಸಗಾರನಿಗೂ ಮೊದಲನೆಯ ಟಿಕ್ ತಾನಾಗಿಯೇ ಸಿಗುತ್ತದೆ, ಏಕೆಂದರೆ ಆ ಖಾತೆ ಯಾರೋ ಒಬ್ಬ ನಿಜವಾದ ಮನುಷ್ಯನದೇ.

ಇದನ್ನು ಸರಿಪಡಿಸಲು ಆಗುವುದಿಲ್ಲವೇ? ಆಗುತ್ತದೆ, ಒಂದು ಕ್ಷೇತ್ರದಲ್ಲಿ ಆಗಲೇ ಮಾಡಿದ್ದಾರೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ಅಕ್ಟೋಬರ್ 1ರಿಂದ ನೋಂದಾಯಿತ ಬ್ರೋಕರ್‌ಗಳು, ಮ್ಯೂಚುವಲ್ ಫಂಡ್‌ಗಳಿಗೆ ಪ್ರತ್ಯೇಕ ಯುಪಿಐ ವಿಳಾಸ ತಂದಿತು. ಬ್ರೋಕರ್ ಆದರೆ ಹೆಸರಿನ ಮುಂದೆ .brk, ಮ್ಯೂಚುವಲ್ ಫಂಡ್ ಆದರೆ .mf, ಆಮೇಲೆ @valid ಮತ್ತು ಬ್ಯಾಂಕಿನ ಹೆಸರು. ಆ ವಿಳಾಸಕ್ಕೆ ಹಣ ಹಾಕುವಾಗ ಪರದೆಯ ಮೇಲೆ ಹಸಿರು ತ್ರಿಕೋನದೊಳಗೆ ಹೆಬ್ಬೆರಳು ಎತ್ತಿದ ಬಿಳಿ ಚಿಹ್ನೆ ಕಾಣಬೇಕು. ಚಿಹ್ನೆ ಕಾಣದಿದ್ದರೆ ಎದುರಿಗಿರುವವರು ಸೆಬಿ ನೋಂದಣಿ ಇರುವವರಲ್ಲವೆಂದು ಸಂಶಯಪಡಬಹುದು. ಅಲ್ಲಿ ಒಂದು ಚಿಹ್ನೆಗೆ ಒಂದೇ ಅರ್ಥ, ಅದನ್ನು ಕೊಡುವ ಅಧಿಕಾರ ಯಾರದೆಂಬುದೂ ಸ್ಪಷ್ಟ. ಷೇರಿನಲ್ಲಿ ಹಣ ಹಾಕುವವರಿಗೆ ಮಾಡಿಕೊಟ್ಟ ಈ ಅನುಕೂಲವನ್ನು ಕಾಳಿ ನದಿಯ ರಾಫ್ಟಿಂಗಿಗೆ, ಹೋಮ್‌ಸ್ಟೇಗೆ ಮುಂಗಡ ಹಾಕುವ ಸಾಮಾನ್ಯ ಜನರಿಗೆ ಏಕೆ ಕೊಡಬಾರದು? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಹೋಮ್‌ಸ್ಟೇಗಳಿಗೆ ಇಂಥದ್ದೇ ಒಂದು ಗುರುತು ಕೊಡಿಸಲು ರಾಜ್ಯ ಸರ್ಕಾರ ಎನ್‌ಪಿಸಿಐ ಜೊತೆ ಮಾತಾಡಬೇಕು.

ಅಷ್ಟಾಗುವ ತನಕ ನಮ್ಮ ಕಡೆಯ ಹೋಮ್‌ಸ್ಟೇಯವರು ಕೈಕಟ್ಟಿ ಕೂರಬೇಕಿಲ್ಲ. ಪರದೆಯ ಮೇಲೆ ವ್ಯಾಪಾರದ ಹೆಸರೇ ಬರಬೇಕೆಂದರೆ ಆ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ಅದರ ಮೇಲೆ ಬ್ಯಾಂಕಿನಿಂದ ವ್ಯಾಪಾರಿ ಕ್ಯೂಆರ್ ಪಡೆಯಬೇಕು. ಒಬ್ಬರೇ ಮಾಲೀಕರಾದರೆ ಅವರ ಸ್ವಂತ ಗುರುತಿನ ದಾಖಲೆಗಳ ಜೊತೆಗೆ ವ್ಯಾಪಾರದ ಹೆಸರಿನಲ್ಲಿರುವ ಎರಡು ದಾಖಲೆ ಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತದೆ. ಉದ್ಯಮ್ ನೋಂದಣಿ ಪ್ರಮಾಣಪತ್ರ ಒಂದಾಯಿತು, ಸ್ಥಳೀಯ ಸಂಸ್ಥೆಯ ಪರವಾನಗಿ ಅಥವಾ ಆ ಹೆಸರಿನ ಕರೆಂಟ್ ಬಿಲ್ ಇನ್ನೊಂದಾಯಿತು. ಎರಡು ಹೊಂದಿಸಲು ಆಗದವರಿಗೆ, ಸ್ಥಳಕ್ಕೆ ಹೋಗಿ ವಿಚಾರಿಸಿ, ಒಂದೇ ದಾಖಲೆ ಒಪ್ಪಿಕೊಳ್ಳುವ ವಿವೇಚನೆಯೂ ಬ್ಯಾಂಕಿಗಿದೆ. ಈ ಕೊನೆಯ ಅಂಶವನ್ನು ಶಾಖೆಗಳಲ್ಲಿ ಹೇಳುವವರು ಕಡಿಮೆ. ಕಾಡಂಚಿನ ಹಳ್ಳಿಯವರು ಒಮ್ಮೆ ಬಂದು, ಕಾಗದ ಸಾಲದೆಂದು ವಾಪಸಾಗಿ, ಮತ್ತೆ ಬರುವುದೇ ಇಲ್ಲ. ಮನೆಯವರ ಉಳಿತಾಯ ಖಾತೆಯ ಕ್ಯೂಆರನ್ನೇ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಇದರಲ್ಲಿ ಅವರದಕ್ಕಿಂತ ಬ್ಯಾಂಕುಗಳ ತಪ್ಪೇ ಹೆಚ್ಚೆಂದು ನಾನು ಭಾವಿಸುತ್ತೇನೆ.

ಹೋಮ್‌ಸ್ಟೇಯವರಿಗೆ ಇನ್ನೊಂದು ಅಳುಕೂ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕದ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಹೋದ ಮೇಲೆ, ಅಂಗಡಿಯ ಹೆಸರಿನ ಕ್ಯೂಆರ್ ಎಂದರೆ ತೆರಿಗೆಯವರಿಗೆ ಕೊಟ್ಟ ಆಹ್ವಾನ ಎಂಬ ಭಾವನೆ ಬೆಳೆದಿದೆ. ಜಿಎಸ್‌ಟಿ ನೋಂದಣಿ ಬೇಕೋ ಬೇಡವೋ ಎಂಬುದು ವಹಿವಾಟಿನ ಮೇಲೆ ನಿಂತಿದೆ. ಸೇವೆಯಾದರೆ ವರ್ಷಕ್ಕೆ 20 ಲಕ್ಷ, ಸರಕಾದರೆ 40 ಲಕ್ಷ ರೂಪಾಯಿ ಮಿತಿ. ವ್ಯಾಪಾರಿ ಕ್ಯೂಆರ್ ತೆಗೆದುಕೊಂಡದ್ದರಿಂದ ಯಾವ ತೆರಿಗೆಯೂ ಬೀಳುವುದಿಲ್ಲ, ಹೆಂಡತಿಯ ಖಾತೆಗೆ ಹಾಕಿಸಿಕೊಂಡದ್ದರಿಂದ ಯಾವ ತೆರಿಗೆಯೂ ತಪ್ಪುವುದಿಲ್ಲ. ಗಿರಾಕಿ ಬ್ಯಾಂಕ್ ಖಾತೆಯಿಂದ ಹಾಕುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವೂ ಇಲ್ಲ.

ಚಾಲ್ತಿ ಖಾತೆ ಆಗುವವರೆಗೆ ತಕ್ಷಣ ಮಾಡಬಹುದಾದದ್ದೊಂದಿದೆ. ತಮ್ಮ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಯಾವ ಹೆಸರು ಬರುತ್ತದೆ ಎಂಬುದನ್ನು ಹೋಮ್‌ಸ್ಟೇಯವರು ತಮ್ಮ ಬೋರ್ಡಿನ ಮೇಲೆ, ತಮ್ಮ ಅಧಿಕೃತ ಪುಟದಲ್ಲಿ ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಯಲಿ: ‘ಹಣ ಹಾಕುವಾಗ ಈ ಹೆಸರು ಮಾತ್ರ ಕಾಣಬೇಕು’ ಎಂದು. ಹಣ ಹಾಕುವವರು ಹೋಮ್‌ಸ್ಟೇಯ ನಂಬರನ್ನು ಇನ್ನೊಂದು ಮೂಲದಿಂದಲೂ ಪಡೆದು, ಫೋನ್ ಮಾಡಿ ಆ ಹೆಸರನ್ನು ಕೇಳಿಕೊಳ್ಳಲಿ. ಹೆಸರು ತಾಳೆಯಾಗದಿದ್ದರೆ ಟಿಕ್ ಇದ್ದರೂ ಪಿನ್ ಒತ್ತಬಾರದು. ಒತ್ತಿಯಾಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಹಣ ಆ ಖಾತೆಯಿಂದ ಮುಂದಕ್ಕೆ ಹೋಗುವಷ್ಟರಲ್ಲಿ ತಡೆಯಲು ಇರುವ ದಾರಿ ಅದು.

ಆ್ಯಪ್ ಕಂಪನಿಗಳು ಮತ್ತು ಎನ್‌ಪಿಸಿಐ ಮುಂದೆ ನನ್ನ ಕೋರಿಕೆ ಇಷ್ಟು: ವ್ಯಕ್ತಿಯ ಹೆಸರಿನ ಪಕ್ಕದ ಟಿಕ್ ತೆಗೆದುಹಾಕಿ. ಆ ಜಾಗದಲ್ಲಿ ಕನ್ನಡದಲ್ಲಿ ‘ವೈಯಕ್ತಿಕ ಖಾತೆ’ ಎಂದೋ ‘ವ್ಯಾಪಾರಿ ಖಾತೆ’ ಎಂದೋ ಬರೆಯಿರಿ. ವ್ಯಾಪಾರಿ ಆದರೆ ಅಂಗಡಿಯ ಹೆಸರಿನ ಕೆಳಗೆ ಖಾತೆದಾರರ ಹೆಸರನ್ನೂ ತೋರಿಸಿ. ಜಾಗೃತಿ ಸಭೆ ನಡೆಸುವ ಪೊಲೀಸರು ಮತ್ತು ಬ್ಯಾಂಕಿನವರು ಅಲ್ಲಿಯವರೆಗೆ ಟಿಕ್ ನಂಬಿ ಎಂದು ಹೇಳುವುದನ್ನು ನಿಲ್ಲಿಸಬೇಕು.

ಇಂತಿ,
ನಿವೃತ್ತ ಬ್ಯಾಂಕ್ ನೌಕರ,
ಹಳಿಯಾಳ