ಹನ್ನೆರಡು, ಇಪ್ಪತ್ತು: ಲೆಕ್ಕ ಸರಿ, ಛಂದಸ್ಸು ತಪ್ಪು

ಪ್ರಸ್ತಾರ ಹಾಕಿ ಮಾತ್ರೆಗಳನ್ನು ಕೂಡಿಸಿ, ಮೊತ್ತ 12, 20 ಎಂದು ಬಂದರೆ ಕಂದವೆಂದು ಬರೆದುಬಿಡಿ ಎಂಬ ಉಪದೇಶವೊಂದು ಪರೀಕ್ಷಾ ಕೈಪಿಡಿಗಳಲ್ಲಿಯೂ ತರಗತಿಗಳಲ್ಲಿಯೂ ಬೇರೂರಿದೆ. ಕೋಲಾರ ಚಿನ್ನದ ಗಣಿ, ಬಂಗಾರಪೇಟೆಗಳಂತಹ ಕಡೆ ಇದಕ್ಕೊಂದು ಸಮರ್ಥನೆಯೂ ಸೇರಿಕೊಳ್ಳುತ್ತದೆ: ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡುವ ಮಕ್ಕಳಿಗೆ ಇಷ್ಟೇ ಸಾಕಂತೆ. ಈ ಉಪದೇಶವೂ ತಪ್ಪು, ಸಮರ್ಥನೆಯೂ ತಪ್ಪು.

ಭೋಗ ಷಟ್ಪದಿಯ ಮೊದಲ ಸಾಲಿನಲ್ಲಿ ಮೂರು ಮಾತ್ರೆಯ ನಾಲ್ಕು ಗಣ, ಅಂದರೆ 12. ಅದರ ಮೂರನೆಯ ಸಾಲಿನಲ್ಲಿ ಅಂತಹ ಆರು ಗಣ, ಮೇಲೊಂದು ಗುರು, ಅಂದರೆ 20. ವಾರ್ಧಕದ ಮೊದಲ ಸಾಲೂ 20ರದೇ, ಐದರ ನಾಲ್ಕು ಗಣ. ಕಂದದ ಎರಡನೆಯ ಸಾಲು ನಾಲ್ಕರ ಐದು ಗಣ, ಮತ್ತೆ 20. ಬಿಡಿ ಸಾಲೊಂದನ್ನು ಕೊಟ್ಟು ಮೊತ್ತ ಕೇಳಿದರೆ ಮೂರಕ್ಕೂ ಒಂದೇ ಉತ್ತರ. ಛಂದಸ್ಸನ್ನು ಹೇಳುವುದು ಮೊತ್ತವಲ್ಲ, ಅದು ಎಲ್ಲಿ ಒಡೆಯುತ್ತದೆ ಎಂಬುದು.

ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಬಂಗಾರಪೇಟೆ: ಗುರು, ಗುರು, ಲಘು, ಗುರು, ಲಘು, ಒಟ್ಟು ಎಂಟು ಮಾತ್ರೆ. ಮೂರು ಮೂರಾಗಿ ಒಡೆಯಹೋದರೆ ಎರಡನೆಯ ಗುರುವನ್ನೇ ಸೀಳಬೇಕಾಗುತ್ತದೆ; ಆದ್ದರಿಂದ ಇದು ಭೋಗದ ಸಾಲನ್ನು ತೊಡಗಿಸಲಾರದು, ಮೂರು–ನಾಲ್ಕರ ಭಾಮಿನಿಯನ್ನೂ ತೊಡಗಿಸಲಾರದು. ಐದರಲ್ಲಿ ‘ಬಂಗಾರ’ ಒಂದು ಗಣವಾಗಿ ‘ಪೇಟೆ’ ಮುಂದಿನದಕ್ಕೆ ಸೇರುತ್ತದೆ. ‘ಬಂಗಾರಪೇಟೆಯೊಳು’ ಎಂದರೆ ವಾರ್ಧಕದ ಎರಡು ಗಣ ತುಂಬಿದವು. ನಾಲ್ಕರಲ್ಲಿ ಅದೇ ಹೆಸರು ಬಂಗಾ, ರಪೇಟೆ ಎಂದು ಒಡೆಯುತ್ತದೆ. ಕಿವಿಗೆ ವಿಚಿತ್ರವೆನಿಸಬಹುದು, ಆದರೆ ಪದದ ನಡುವೆ ಗಣ ಮುಗಿಯುವುದು ಕಂದಕ್ಕೆ ಹೊಸದೇನಲ್ಲ.

ಕೈಪಿಡಿಗಳು ನುಂಗಿಹಾಕುವ ಸಂಗತಿ ಇಲ್ಲಿದೆ. ‘ರಪೇಟೆ’ ಲಘು–ಗುರು–ಲಘು, ಅಂದರೆ ಜಗಣ. ಕಂದದ ಅರ್ಧವೊಂದರ ಎಂಟು ಗಣಗಳಲ್ಲಿ ಬೆಸ ಸ್ಥಾನದಲ್ಲಿ ಜಗಣ ಬರಕೂಡದು. ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಲೇಬೇಕು. ಹಾಗಾಗಿ ಕಂದದ ಮೊದಲ ಸಾಲನ್ನು ‘ಬಂಗಾರಪೇಟೆ’ ಎಂದು ಆರಂಭಿಸಬಹುದು, ಜಗಣ ಎರಡನೆಯದಾಗುತ್ತದೆ. ಎರಡನೆಯ ಸಾಲನ್ನು ಹಾಗೆ ಆರಂಭಿಸಿದರೆ ಜಗಣ ಐದನೆಯದಾಗಿ ಕಂದ ಕೆಡುತ್ತದೆ. ಅದೇ ಹೆಸರನ್ನು ಒಂದು ಗಣ ಮುಂದಕ್ಕೆ ತಳ್ಳಿದರೆ ಜಗಣ ಸರಿಯಾಗಿ ಆರನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಈ ಯಾವುದರಲ್ಲಿಯೂ ಮೊತ್ತ ಬದಲಾಗುವುದಿಲ್ಲ! ಬರಿಯ ಕೂಡಿಕೆಯಿಂದ ಉತ್ತರ ಬರೆದವನಿಗೆ ಕೆಟ್ಟ ಕಂದಕ್ಕೂ ಒಳ್ಳೆಯ ಕಂದಕ್ಕೂ ಭೇದವೇ ಕಾಣದು.

ಇನ್ನು ಮನೆಮಾತಿನ ಸಮರ್ಥನೆ. ತೆಲುಗಿನ ಕಂದಪದ್ಯದಲ್ಲಿಯೂ ನಾಲ್ಕು ಮಾತ್ರೆಯ ಗಣಗಳೇ. ಅಲ್ಲಿಯೂ ಬೆಸದಲ್ಲಿ ಜಗಣ ನಿಷಿದ್ಧ, ಆರನೆಯದು ಜಗಣ ಅಥವಾ ನಾಲ್ಕೂ ಲಘು. ಬಂಗಾರಪೇಟೆಯಲ್ಲಿ ತೆಲುಗು ಪದ್ಯ ಕಲಿತ ವಿದ್ಯಾರ್ಥಿಗೆ ನಮ್ಮ ಕೈಪಿಡಿ ಬಿಟ್ಟುಕೊಟ್ಟ ನಿಯಮ ಆಗಲೇ ಗೊತ್ತಿರುತ್ತದೆ. ಅವನ ಹೆಸರಿನಲ್ಲಿ ಪಾಠವನ್ನು ತೆಳುವಾಗಿಸುವ ಬದಲು, ಮೊತ್ತ ಸರಿಯಿದ್ದು ಆರನೆಯ ಗಣ ತಪ್ಪಿರುವ ಪದ್ಯವೊಂದನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟು, ಇದೇಕೆ ಕಂದವಲ್ಲ ಎಂದು ಕೇಳಿರಿ.